ರಾಣಿಯ ಹೆಸರಿಗೆ ಸೇರಿದ ಅಂಕಿ

ರಾಮಮೂರ್ತಿ ನಗರದ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಮೇಲಿನ ಮಹಡಿಯಲ್ಲಿ ಲಕ್ಷ್ಮಿದೇವಿಯವರ ಬ್ರೌಸಿಂಗ್ ಸೆಂಟರ್. ಕೆಳಗೆ ಗಿರಣಿ ಶುರುವಾದರೆ ಮೇಲೆ ಆರೂ ಕಂಪ್ಯೂಟರುಗಳ ಪರದೆಗಳು ಸಣ್ಣಗೆ ನಡುಗುತ್ತಿದ್ದವು. ಕೀಲಿಗಳ ಸಂದಿಯಲ್ಲಿ ಯಾವಾಗಲೂ ರಾಗಿಹಿಟ್ಟು. ಬೆಳಿಗ್ಗೆ ಬಾಗಿಲು ತೆಗೆದೊಡನೆ ಹಳೆಯ ಬಣ್ಣದ ಬ್ರಷ್ಷಿನಿಂದ ಒಂದೊಂದೇ ಕೀಲಿಮಣೆಯನ್ನು ಗುಡಿಸಿ, ಆಮೇಲೆಯೇ ಅವರು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದದ್ದು.

ಅವರು ಲಿಂಗಸುಗೂರಿನವರು. ಗಂಡ ಲಕ್ಷ್ಮಿಕಾಂತ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಿದ್ದರು. ಮದುವೆಯಾಗಿ ಬೆಂಗಳೂರಿಗೆ ಬಂದಾಗ ಲಕ್ಷ್ಮಿದೇವಿಯವರ ಟ್ರಂಕಿನಲ್ಲಿ ನಾಲ್ಕು ಸೀರೆ, ಕನ್ನಡ ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾದ ಪ್ರಮಾಣಪತ್ರ ಇದ್ದವು. ಮೊದಲು ಟೈಪಿಂಗ್ ಶಾಲೆ ನಡೆಸಿದರು. ಕಾಲ ಬದಲಾಗಿ ಟೈಪ್‌ರೈಟರುಗಳನ್ನು ಹಳೆ ಕಬ್ಬಿಣದವನು ಒಯ್ದ ಮೇಲೆ ಅದೇ ಮೇಜುಗಳ ಮೇಲೆ ಕಂಪ್ಯೂಟರುಗಳು ಬಂದು ಕುಳಿತವು.

ಬರುವವರಲ್ಲಿ ಹೆಚ್ಚಿನವರು ಅವರ ಸೀಮೆಯ ಕಡೆಯವರೇ. ಕೊಪ್ಪಳ, ರಾಯಚೂರು, ಯಾದಗಿರಿಯಿಂದ ಬಂದು ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿದ್ದವರು. ಕೆಲಸಕ್ಕೆ ಅರ್ಜಿ ಹಾಕಲು ಅವರಿಗೆ ಈಮೇಲ್ ಐಡಿ ಬೇಕು. ಆ ಐಡಿಗಳಿಗೆ ಹೆಸರಿಡುತ್ತಿದ್ದವರು ಲಕ್ಷ್ಮಿದೇವಿ. ಅದರಲ್ಲಿ ಅವರಿಗೊಂದು ಪದ್ಧತಿ ಇತ್ತು. ಪೊಲೀಸರ ನಿಯಮದಂತೆ ಸೆಂಟರಿಗೆ ಬಂದವರ ಹೆಸರು, ವಿಳಾಸವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕಿತ್ತು. ಬರೆದುಕೊಂಡ ಕೈಯಲ್ಲೇ ಅವರು ಐಡಿಯ ಕೊನೆಗೆ ಕ್ರಾಸಿನ ಅಂಕಿ, ನಡುವೆ ಒಂದು ‘ಸಿ’, ಆಮೇಲೆ ಮನೆಯ ನಂಬರು ಸೇರಿಸಿಬಿಡುತ್ತಿದ್ದರು. ತಿಂಗಳು ಬಿಟ್ಟು ಬಂದವನು ತನ್ನ ಐಡಿ ಮರೆತು ತಲೆ ಕೆರೆದುಕೊಂಡರೆ, ‘ಯಾವ ಕ್ರಾಸು, ಎಷ್ಟನೇ ಮನೆ?’ ಎಂದು ಕೇಳಿದರೆ ಸಾಕು. ಏಳು ವರ್ಷಗಳಲ್ಲಿ ಹೀಗೆ ನೂರಾರು ಜನರಿಗೆ ಹೆಸರಿಟ್ಟಿದ್ದರು. ಅದು ತಮ್ಮ ಜಾಣತನವೆಂದೇ ಅವರು ತಿಳಿದಿದ್ದರು.

ಜಯಮಾಲಾ ಅಲ್ಲಿಗೆ ಬಂದದ್ದು ಎರಡು ಸಾವಿರದ ಎಂಟನೆಯ ಇಸವಿಯ ಫೆಬ್ರುವರಿಯಲ್ಲಿ. ಮೂವತ್ತರ ಒಳಗಿನ ಹೆಂಗಸು. ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು, ಒಳಗೆ ಕುಳಿತವರ ಮುಖವನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಚಪ್ಪಲಿ ಬಿಟ್ಟಳು. ನಾಯಿಯ ಹೆಸರಿನಲ್ಲಿ ಒಂದು ಖಾತೆ ತೆರೆಯಬೇಕು ಎಂದಳು.

“ನಾಯಿಗೂ ಕೆಲಸ ಹುಡುಕ್ತೀಯೇನವ್ವಾ?” ಎಂದರು ಲಕ್ಷ್ಮಿದೇವಿ. ಮಾತಿನ ಧಾಟಿಯಿಂದಲೇ ಅವಳು ತಮ್ಮ ಕಡೆಯವಳೆಂದು ಅವರಿಗೆ ಗೊತ್ತಾಗಿತ್ತು.

ಜಯಮಾಲಾ ನಕ್ಕಳು. ಬಾಣಸವಾಡಿಯ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಸೂಜಿ ಚುಚ್ಚುವಾಗ ನಾಯಿಗಳನ್ನು ಹಿಡಿದುಕೊಳ್ಳುವುದು, ನೆಲ ಒರೆಸುವುದು. ಅಲ್ಲಿಗೆ ತನ್ನ ಮುದಿ ನಾಯಿಯನ್ನು ಕರೆತರುತ್ತಿದ್ದ ಹಂಸ ಎಂಬ ಕಾಲೇಜು ಹುಡುಗಿ, ಬಾಣಸವಾಡಿಯ ಹಳೆಯ ಮನೆತನದವಳು, ಜಯಮಾಲಾಳ ನಾಯಿ ರಾಣಿಯ ಫೋಟೋ ತೆಗೆದು ಸಿ.ಡಿ.ಗೆ ಹಾಕಿಕೊಟ್ಟಿದ್ದಳು. ಸಾಕುಪ್ರಾಣಿಗಳಿಗೆಂದೇ ಒಂದು ತಾಣವಿದೆ, ಅಲ್ಲಿ ನಾಯಿಯೇ ತನ್ನ ಮಾತು ಹೇಳುವಂತೆ ಬರೆಯಬಹುದು, ಬೇರೆ ನಾಯಿಗಳು ಸ್ನೇಹ ಮಾಡಿಕೊಳ್ಳುತ್ತವೆ ಎಂದೂ ಹೇಳಿದ್ದಳು. ಆ ಮಾತು ಜಯಮಾಲಾಳ ಮನಸ್ಸಿಗೆ ಹಿಡಿದಿತ್ತು. ಅದಕ್ಕೊಂದು ಕಾರಣವಿತ್ತು. ಅದನ್ನು ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

“ನನ್ನ ಹೆಸರು ಎಲ್ಲೂ ಬರಬಾರದ್ರಿ ಅಕ್ಕಾರ. ಊರು ಬರಬಾರದು, ಓಣಿ ಬರಬಾರದು. ಅಂವಾ ಹುಡುಕಾಕತ್ತಾನ.”

ಅಂವಾ ಎಂದರೆ ಅವಳ ಗಂಡ ಕಿರಣಕುಮಾರ. ಹಲಸೂರಿನಲ್ಲಿ ಕೊರಿಯರ್ ಹಂಚುವ ಕೆಲಸ. ಅವನ ಕೈಯಿಂದ ತಪ್ಪಿಸಿಕೊಂಡು, ಒಂದು ಚೀಲ, ಒಂದು ನಾಯಿ ಇಷ್ಟರೊಂದಿಗೆ ಅವಳು ಹಲಸೂರು ಬಿಟ್ಟು ಎಂಟು ತಿಂಗಳಾಗಿತ್ತು. ತನ್ನ ಹೆಸರಿನಲ್ಲಿ ಫೋನಿಲ್ಲ, ಊರಿಗೆ ಕಾಗದವಿಲ್ಲ, ಜನರೊಂದಿಗೆ ಮಾತಿಲ್ಲ. ನಾಯಿಯ ಬಾಯಲ್ಲಾದರೂ ನಾಲ್ಕು ಮಾತು ಆಡಬಹುದಲ್ಲ ಎಂಬುದು ಅವಳ ಆಸೆ.

ಇಬ್ಬರೂ ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತರು. ಆ ತಾಣದಲ್ಲಿ ಯೂಸರ್ ನೇಮ್ ಎಂಬುದು ಪುಟದ ಹಣೆಯ ಮೇಲೆಯೂ, ಪ್ರತಿ ಫೋಟೋದ ಕೆಳಗೂ, ಪುಟದ ಅಂತರಜಾಲ ವಿಳಾಸದಲ್ಲಿಯೂ ಕಾಣುತ್ತಿತ್ತು. ಆದ್ದರಿಂದ ಹೆಸರು ಚೆನ್ನಾಗಿರಬೇಕು. ಲಕ್ಷ್ಮಿದೇವಿ ಮೊದಲು ರಾಣಿಯ ಮುಂದೆ ಬಡಾವಣೆಯ ಹೆಸರು ಸೇರಿಸೋಣವೇ ಎಂದರು. ಜಯಮಾಲಾ ಬೇಡವೆಂದು ಎರಡೂ ಕೈ ಆಡಿಸಿದಳು. ಕ್ಲಿನಿಕ್ಕಿನ ಹೆಸರು? ಅದೂ ಬೇಡ. ಬರೀ ರಾಣಿ ಎಂದು ಹೊಡೆದು ನೋಡಿದರೆ ಅದನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. ಲಕ್ಷ್ಮಿದೇವಿ ಕೀಲಿಮಣೆಯಿಂದ ಕೈ ತೆಗೆದು, ಟೈಪಿಂಗ್ ಶಾಲೆಯಲ್ಲಿ ಮಕ್ಕಳ ಮುಂದೆ ಕೂರುತ್ತಿದ್ದಂತೆ ಅವಳ ಕಡೆ ತಿರುಗಿ ಕುಳಿತರು.

“ಊರು ಕೇರಿ ಬಿಡು. ಅದರ ಗುಣ ಹೇಳು.”

ಜಯಮಾಲಾ ಹೇಳಿದಳು. ರಾಣಿ ಕಂದುಬಣ್ಣದ ಬೀದಿನಾಯಿ. ಎಡಗಿವಿ ಹರಿದಿದೆ. ಕಿರಣಕುಮಾರ ಒಂದು ದಿನ ಇಸ್ತ್ರಿಪೆಟ್ಟಿಗೆ ಎತ್ತಿ ಎಸೆದಾಗ ಅದು ಜಯಮಾಲಾಳಿಗೆ ತಗಲದೆ ನಾಯಿಗೆ ತಗಲಿತ್ತು. ಅಂದಿನಿಂದ ಅದರ ವಾಸ ಮಂಚದ ಕೆಳಗೆ. ಹೊರಗೆ ಗಾಡಿ ನಿಂತ ಸದ್ದಾದರೆ ಗೋಡೆಗೆ ಅಂಟಿಕೊಳ್ಳುತ್ತದೆ. ಯಾರಾದರೂ ಬಂದರೆ ಮಂಚದಡಿಯಿಂದ ಮೊದಲು ಬರುವುದು ಅದರ ಮೂಗು. ಮೂಗು ಒಪ್ಪಿದರೆ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು. ಶೇಂಗಾ ಬೀಜ ಕಂಡರೆ ಮಾತ್ರ ಇಡೀ ನಾಯಿ.

“ಹಂಗಾದ್ರ ಮೂಗು ಮೊದಲು ಅಂತನೇ ಇಡು,” ಎಂದರು ಲಕ್ಷ್ಮಿದೇವಿ. ಜಯಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇದಕ್ಕಿಂತ ಸರಿಯಾದ ಹೆಸರು ರಾಣಿಗೆ ಸಿಗುವಂತಿರಲಿಲ್ಲ. ಅದರಲ್ಲಿ ರಾಣಿ ಪೂರ್ತಿ ಇದ್ದಳು, ಜಯಮಾಲಾ ಎಲ್ಲೂ ಇರಲಿಲ್ಲ.

ಲಕ್ಷ್ಮಿದೇವಿಯವರ ಬೆರಳುಗಳು ಆ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆದವು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಏಳು ವರ್ಷಗಳ ರೂಢಿ ಬೆರಳಿನಲ್ಲೇ ಕುಳಿತಿತ್ತು. ಹನ್ನೊಂದು, ಸಿ, ನಲವತ್ತೆರಡು.

“ಕೊನಿಗೆ ಅದೇನ್ರೀ?” ಎಂದು ಕೇಳಿದಳು ಜಯಮಾಲಾ.

“ನಿನ್ನ ಕ್ರಾಸು, ಮನೆ ನಂಬರು. ನೀನು ಮರೆತ್ರೂ ನಾನು ಮರೆಯಲ್ಲ.”

“ಬ್ಯಾಡ ಅನಸ್ತದ್ರಿ.”

“ಊರಿಲ್ಲ, ಏರಿಯಾ ಇಲ್ಲ, ಬರೀ ಅಂಕಿ. ಈ ಬೆಂಗಳೂರಲ್ಲಿ ಎಷ್ಟು ಹನ್ನೊಂದನೇ ಕ್ರಾಸು ಇದಾವೆ ಗೊತ್ತೇನು? ಸುಮ್ನಿರು.”

ತಿಳಿದವರು ಹೇಳುತ್ತಿದ್ದಾರೆಂದು ಜಯಮಾಲಾ ಸುಮ್ಮನಾದಳು. ಪಾಸ್‌ವರ್ಡನ್ನು ಅವಳೇ ಹೊಡೆದಳು. ಲಕ್ಷ್ಮಿದೇವಿ ಮುಖ ತಿರುಗಿಸಿಕೊಂಡಿದ್ದರು. ಅಂಥ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಗರ ಯಾವುದೆಂದು ಕೇಳಿದ ಜಾಗದಲ್ಲಿ ಬೆಂಗಳೂರು ಎಂದಷ್ಟೇ ತುಂಬಿದರು. ಹೆಸರಿನ ಜಾಗದಲ್ಲಿ ರಾಣಿ.

ಮುಂದಿನ ಹತ್ತು ಹನ್ನೆರಡು ವಾರ ಜಯಮಾಲಾ ಪ್ರತಿ ಭಾನುವಾರ ಬೆಳಿಗ್ಗೆ ಬಂದಳು. ಅವಳು ಹೇಳುತ್ತಿದ್ದಳು, ಲಕ್ಷ್ಮಿದೇವಿ ಇಂಗ್ಲಿಷಿಗೆ ತಿರುಗಿಸಿ ಹೊಡೆಯುತ್ತಿದ್ದರು. ಚೆನ್ನೈನ ದಪ್ಪ ನಾಯಿಯೊಂದು ರಾಣಿಯ ಕಿವಿಗೆ ಏನಾಯಿತೆಂದು ಕೇಳಿತು. ಪುಣೆಯ ಬೆಕ್ಕೊಂದು ತಾನೂ ಮಂಚದ ಕೆಳಗೇ ಇರುವುದೆಂದು ಬರೆಯಿತು. ಅರುವತ್ತು ಪ್ರಾಣಿಗಳ ಸ್ನೇಹವಾಯಿತು. ಒಂದು ವಾರ ಅವಳು ಬರೆಸಿದ ಮಾತನ್ನು ಲಕ್ಷ್ಮಿದೇವಿ ಬಹಳ ಕಾಲ ನೆನಪಿಟ್ಟುಕೊಂಡಿದ್ದರು: ‘ಇಂದು ಬಾಗಿಲ ಮುಂದೆ ಸ್ಕೂಟರ್ ನಿಂತಿತು. ಉಸಿರು ಹಿಡಿದೆ. ಹಾಲಿನವನು. ಹೊರಗೆ ಬಂದೆ, ಮೂಗು ಮೊದಲು.’ ಅದು ನಾಯಿಯ ಮಾತಲ್ಲವೆಂದು ಹೊಡೆಯುವಾಗಲೇ ಅವರಿಗೆ ತಿಳಿದಿತ್ತು. ಅವಳಿಗೆ ಚಹಾ ತರಿಸಿದರು.

ಏಪ್ರಿಲ್ ಕೊನೆಯ ಒಂದು ಗುರುವಾರ ಹಂಸ ಏನೋ ಪ್ರಿಂಟ್ ತೆಗೆಸಲು ಬಂದಳು. ಬಂದವಳು ರಾಣಿಯ ಪುಟ ತೆರೆಯಲು ಹೇಳಿ, ಹೆಸರನ್ನು ನೋಡಿ, ಕೊನೆಯ ಅಂಕಿ ಏನೆಂದು ಕೇಳಿದಳು. ಲಕ್ಷ್ಮಿದೇವಿ ಹೆಮ್ಮೆಯಿಂದಲೇ ಹೇಳಿದರು. ಹುಡುಗಿಯ ಮುಖ ಸಪ್ಪಗಾಯಿತು.

“ಆಂಟಿ, ಇದು ಅಡ್ರೆಸ್ಸೇ ಅಲ್ವಾ? ನಮ್ಮನೆಗೆ ಬರೋ ಕೊರಿಯರ್ ಕವರ್ ಮೇಲೆ ಹಿಂಗೇ ಬರ್ದಿರ್ತಾರೆ.”

ಕೊರಿಯರ್ ಎಂಬ ಮಾತು ಕಿವಿಗೆ ಬಿದ್ದಾಗ ಲಕ್ಷ್ಮಿದೇವಿಯವರಿಗೆ ಕಾಲ ಕೆಳಗಿನ ಗಿರಣಿ ನಿಂತುಹೋದಂತೆ ಆಯಿತು. ಅದು ಓಡುತ್ತಲೇ ಇತ್ತು. ಇಬ್ಬರೂ ತಾಣದ ಸಹಾಯದ ಪುಟವನ್ನು ಓದಿದರು. ನಾಯಿಯ ಹೆಸರು ಬದಲಾಯಿಸಬಹುದು, ಚಿತ್ರ ಬದಲಾಯಿಸಬಹುದು, ಯೂಸರ್ ನೇಮ್ ಮಾತ್ರ ಒಮ್ಮೆ ಇಟ್ಟರೆ ಇಟ್ಟಂತೆ. ಬೇಡವೆಂದರೆ ಇಡೀ ಖಾತೆ ಅಳಿಸಿ ಹೊಸದು ತೆರೆಯಬೇಕು. ಅಳಿಸಲು ಪಾಸ್‌ವರ್ಡ್ ಬೇಕು, ಅದಿರುವುದು ಜಯಮಾಲಾಳ ತಲೆಯಲ್ಲಿ. ಹಂಸ ಆಗಲೇ ಕ್ಲಿನಿಕ್ಕಿಗೆ ಹೋಗಿ ತಿಳಿಸಿದಳು.

ಅದೇ ಸಂಜೆ ಜಯಮಾಲಾ ಬಂದಳು. ಅಂದು ಪರೀಕ್ಷೆಯೊಂದರ ಫಲಿತಾಂಶ ಬಂದಿತ್ತು. ಮೆಟ್ಟಿಲ ತುಂಬ ಮಕ್ಕಳು, ಅವರ ಹಿಂದೆ ತಂದೆತಾಯಿಗಳು. ಆರು ಕಂಪ್ಯೂಟರಿನ ಮುಂದೂ ನೂಕುನುಗ್ಗಲು. ಫೇಲಾದ ಮಗಳ ಪಕ್ಕದಲ್ಲಿ ತಾಯಿಯೊಬ್ಬಳು ನೆಲದ ಮೇಲೇ ಕುಳಿತುಬಿಟ್ಟಿದ್ದಳು. ಜಯಮಾಲಾ ಬಾಗಿಲಲ್ಲಿ ನಿಂತು ಕೈ ಎತ್ತಿದಳು. ಲಕ್ಷ್ಮಿದೇವಿ ಜನರ ತಲೆಗಳ ಮೇಲಿಂದಲೇ ಹೇಳಿದರು: “ನಾಳೆ ಬೆಳಿಗ್ಗೆ ಬಾರವ್ವಾ. ಮೊದಲ ಕೆಲಸ ನಿಂದೇ.”

ಐದು ನಿಮಿಷದ ಕೆಲಸ.

ಮರುದಿನ ಬೆಳಿಗ್ಗೆ ಅವಳು ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಶಸ್ತ್ರಚಿಕಿತ್ಸೆ ಇದ್ದುದರಿಂದ ಬೇಗ ಹೋಗಬೇಕಾಗಿತ್ತಂತೆ. ಬಂದದ್ದು ಮಧ್ಯಾಹ್ನ ಒಂದೂವರೆಗೆ, ಬರಿಗಾಲಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ರಾಣಿಗೆ ಅನ್ನ ಹಾಕಲು ಮನೆಗೆ ಹೋಗಿದ್ದಳು. ಕ್ರಾಸಿನ ತಿರುವಿನಲ್ಲೇ ಗೇಟಿಗೆ ನೇತುಹಾಕಿದ್ದ ಚೀಲ ಕಂಡಿತು. ಕೊರಿಯರಿನವರ ಆ ಹಳೆಯ ಖಾಕಿ ಚೀಲ, ಹರಿದ ಕಡೆ ಅವಳೇ ಕೆಂಪು ದಾರದಲ್ಲಿ ಹೊಲಿದದ್ದು. ಅವಳು ಅಲ್ಲಿಂದಲೇ ತಿರುಗಿದ್ದಳು.

“ರಾಣಿ ಒಳಗದಾಳ್ರಿ,” ಎಂದಳು. ಮತ್ತೆ ಮತ್ತೆ ಅದನ್ನೇ ಅಂದಳು.

ಲಕ್ಷ್ಮಿದೇವಿ ಅವಳನ್ನು ಗಿರಣಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ತಾವೇ ಹೋದರು. ಮನೆಯೊಡತಿ ಮುನಿಲಕ್ಷ್ಮಮ್ಮ ಗೇಟಿನ ಬಳಿಯೇ ನಿಂತಿದ್ದರು. ಒಳ್ಳೆಯ ಹೆಂಗಸು. ಗಂಡ ಬಂದಿದ್ದಾನೆ, ಬಿಸಿಲಲ್ಲಿ ಕಾಯುವುದು ಬೇಡವೆಂದು ತಮ್ಮಲ್ಲಿದ್ದ ಇನ್ನೊಂದು ಬೀಗದಕೈಯಿಂದ ಬಾಗಿಲು ತೆಗೆದುಕೊಟ್ಟಿದ್ದೇನೆ ಎಂದು ಸಂಭ್ರಮದಿಂದಲೇ ಹೇಳಿದರು. ಎಷ್ಟು ಮರ್ಯಾದಸ್ಥ, ಹತ್ತು ದಿನದಿಂದ ಕೆ.ಆರ್. ಪುರ, ಬಾಣಸವಾಡಿ ಎಲ್ಲ ಅಲೆದನಂತೆ ಪಾಪ, ಎಂದೂ ಸೇರಿಸಿದರು.

ಅವನು ಹೊಸ್ತಿಲ ಮೇಲೆ ಕುಳಿತಿದ್ದ. ತೆಳ್ಳನೆಯ ಮನುಷ್ಯ, ತಲೆ ನೀಟಾಗಿ ಬಾಚಿತ್ತು. ಲಕ್ಷ್ಮಿದೇವಿಯನ್ನು ಕಂಡು ಎದ್ದು ನಿಂತ. ಯಾರೆಂದು ಕೇಳಿದ. ವೋಟರ್ ಪಟ್ಟಿಯ ಕೆಲಸಕ್ಕೆ ಬಂದೆ ಎಂದು ಬಾಯಿಗೆ ಬಂದದ್ದನ್ನು ಹೇಳಿದರು. ಮನೆ ಹೇಗೆ ಸಿಕ್ಕಿತೆಂದು ಮುನಿಲಕ್ಷ್ಮಮ್ಮ ಅವನನ್ನು ಕೇಳಿದ್ದಕ್ಕೆ ಅವನು ಮೆಲ್ಲನೆ ನಕ್ಕ.

“ಅವ್ಳ ಹೆಸರು ಹಾಕಿ ಹುಡುಕ್ದೆ ಅಮ್ಮ, ಸಿಗ್ಲಿಲ್ಲ. ಆಮೇಲೆ ನಾಯಿ ಹೆಸರು ಹಾಕ್ದೆ. ಕಿವಿ ನೋಡಿ ಗುರುತು ಹಿಡಿದೆ. ನಂಬರು ಅಲ್ಲೇ ಇತ್ತಲ್ಲ, ದಿನಾ ಮಾಡೋ ಕೆಲ್ಸ ನಂದು. ಒಂದೊಂದೇ ಏರಿಯಾದ ಹನ್ನೊಂದನೇ ಕ್ರಾಸಿಗೆ ಹೋಗಿ ನಲವತ್ತೆರಡನೇ ಮನೆ ನೋಡ್ಕೊಂಡು ಬಂದೆ.”

ಅವನ ಭುಜದಾಚೆ ಕೋಣೆ ಕಾಣುತ್ತಿತ್ತು. ಮಂಚ, ಅದರ ಮೇಲೆ ಮಡಿಸಿಟ್ಟ ಕೌದಿ, ಕೆಳಗೆ ಕತ್ತಲು. ಲಕ್ಷ್ಮಿದೇವಿ ಆ ಕತ್ತಲನ್ನೇ ನೋಡಿದರು. ಮೂಗು ಹೊರಗೆ ಬರಲಿಲ್ಲ. ನಾಯಿಯನ್ನು ಕೊಡು ಎಂದು ಅವನನ್ನು ಕೇಳುವಂತಿರಲಿಲ್ಲ. ಕೇಳಿದರೆ ಅವಳೆಲ್ಲಿದ್ದಾಳೆಂದು ತಮಗೆ ಗೊತ್ತಿರುವುದು ಅವನಿಗೆ ತಿಳಿದುಹೋಗುತ್ತಿತ್ತು. ಪಟ್ಟಿಯಲ್ಲಿ ಎಲ್ಲ ಸರಿಯಾಗಿದೆ ಎಂದು ಹೇಳಿ ಹಿಂದಿರುಗಿದರು. ತಿರುವು ದಾಟುವವರೆಗೆ ಅವಸರ ಮಾಡದೆ ನಡೆದರು. ಆಮೇಲೆ ಓಡಿದರು.

ಲಕ್ಷ್ಮಿಕಾಂತರನ್ನು ಕರೆದುಕೊಂಡು ಠಾಣೆಗೆ ಹೋದರು. ಪೇದೆಯೊಬ್ಬ ಮನೆಗೆ ಬಂದು ಕಿರಣಕುಮಾರನಿಗೆ ಅಲ್ಲಿಂದ ಹೊರಡುವಂತೆ ಗದರಿದ. ಅವನು ಎದುರಾಡದೆ ಹೊರಟ. ಮಂಚದ ಕೆಳಗೆ ಕೈಹಾಕಿ ರಾಣಿಯನ್ನು ಎಳೆದು, ಬಟ್ಟೆ ಒಣಗಿಸುವ ಹಗ್ಗವನ್ನು ಕೊರಳಿಗೆ ಕಟ್ಟಿದ. ನಾಯಿ ನಂದು ಸಾರ್, ಎಂದನಂತೆ. ಅಲ್ಲವೆನ್ನಲು ಯಾರ ಬಳಿಯೂ ಕಾಗದ ಇರಲಿಲ್ಲ. ಅದು ಬೊಗಳಲಿಲ್ಲ, ನಾಲ್ಕೂ ಕಾಲನ್ನು ನೆಲಕ್ಕೆ ಊರಿಕೊಂಡು ಗೇಟಿನವರೆಗೂ ಜಾರುತ್ತಾ ಹೋಯಿತು ಎಂದು ಮುನಿಲಕ್ಷ್ಮಮ್ಮ ಆಮೇಲೆ ಅಳುತ್ತಾ ಹೇಳಿದರು.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದ ಲಕ್ಷ್ಮಿದೇವಿ ಕೀಲಿಮಣೆ ಗುಡಿಸದೆಯೇ ರಾಣಿಯ ಪುಟ ತೆರೆದರು. ಕೊನೆಯ ಫೋಟೋದ ಕೆಳಗೆ ಹೊಸಬರೊಬ್ಬರ ಬರಹ ಇತ್ತು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು: ‘ರಾಣಿ ಹಲಸೂರಲ್ಲಿ ಇದಾಳೆ. ಊಟ ಬಿಟ್ಟಿದಾಳೆ. ಬಂದು ಕರ್ಕೊಂಡು ಹೋಗು.’

ಅದನ್ನು ಜಯಮಾಲಾಳಿಗೆ ತೋರಿಸಬೇಕೇ ಬೇಡವೇ ಎಂದು ಅವರು ಬಹಳ ಹೊತ್ತು ಕುಳಿತರು. ತೋರಿಸಿದರೆ ಅವಳು ಹೊರಟುಬಿಡಬಹುದು. ಆ ಬರಹ ಕರೆಯುತ್ತಿದ್ದದ್ದು ಅದಕ್ಕೇ. ಮುಚ್ಚಿಟ್ಟು, ಏನಾದರೊಂದು ಹೇಳಿ ಪುಟ ಅಳಿಸಿಸಿದರೆ ಅವಳಿಗೆ ಎಂದೂ ತಿಳಿಯುವುದಿಲ್ಲ. ಆದರೆ ಅವಳು ಬೇಡವೆಂದಾಗ ಸುಮ್ಮನಿರು ಎಂದಿದ್ದವರು ತಾವು. ಅವಳ ಪರವಾಗಿ ಇನ್ನೊಂದು ತೀರ್ಮಾನ ಮಾಡಲು ಮನಸ್ಸು ಒಪ್ಪಲಿಲ್ಲ. ಎರಡು ದಿನದಿಂದ ತಮ್ಮ ಮನೆಯಲ್ಲೇ ಇದ್ದ ಅವಳನ್ನು ಕರೆತಂದು ಅದೇ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಪರದೆ ತೋರಿಸಿದರು.

ಜಯಮಾಲಾ ಅದನ್ನು ಓದಿದಳು. ಅಳಲಿಲ್ಲ. ಊಟ ಬಿಟ್ಟಿರುವುದು ನಿಜವೇ ಇರಬೇಕು, ಶೇಂಗಾ ಹಾಕಬೇಕೆಂದು ಅವನಿಗೆ ಗೊತ್ತಿಲ್ಲ, ಎಂದಳು.

“ನಾ ಹೋದರ ಅಕಿ ಬದುಕ್ತಾಳ್ರಿ. ನಾ ಬದುಕಂಗಿಲ್ಲ.”

ಜಯಮಾಲಾ ಪಾಸ್‌ವರ್ಡ್ ಹೊಡೆದಳು. ಖಾತೆ ಅಳಿಸುವ ಗುಂಡಿಯನ್ನು ಲಕ್ಷ್ಮಿದೇವಿ ಬೆರಳಿನಿಂದ ತೋರಿಸಿದರು. ಫೋಟೋಗಳು, ಬರಹಗಳು, ಸ್ನೇಹಿತರು ಎಲ್ಲ ಹೋಗುತ್ತವೆ, ಮತ್ತೆ ಬರುವುದಿಲ್ಲ, ಖಂಡಿತವೇ ಎಂದು ಪೆಟ್ಟಿಗೆಯೊಂದು ಕೇಳಿತು. ಅವಳು ಪರದೆಯ ಮೇಲಿದ್ದ ಆ ಮೂಗನ್ನು ಒಮ್ಮೆ ಮುಟ್ಟಿ, ಹೌದು ಎಂಬಲ್ಲಿ ಒತ್ತಿದಳು.

ಅದೇ ವಾರ ಹಂಸ ತನಗೆ ಗೊತ್ತಿದ್ದ ಮಹಿಳಾ ಸಹಾಯ ಸಂಸ್ಥೆಯೊಂದರ ಮೂಲಕ ಜಯಮಾಲಾಳಿಗೆ ಬೇರೆ ಊರಿನ ಹಾಸ್ಟೆಲ್ಲಿನಲ್ಲಿ ಜಾಗ ಮಾಡಿಕೊಟ್ಟಳು. ಯಾವ ಊರೆಂದು ಹಂಸ ಹೇಳಹೊರಟಾಗ ಲಕ್ಷ್ಮಿದೇವಿ ತಮ್ಮ ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡರು. ಜಯಮಾಲಾ ಬಗ್ಗಿ ಅವರ ಕಾಲು ಮುಟ್ಟಿದಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಳಿಸಿದ ಪುಟದ ಹಳೆಯ ಪ್ರತಿಯೊಂದು ಹುಡುಕುವ ತಾಣದಲ್ಲಿ ಇನ್ನೂ ಕೆಲವು ದಿನ ಉಳಿದಿತ್ತು. ಲಕ್ಷ್ಮಿದೇವಿ ದಿನವೂ ಬೆಳಿಗ್ಗೆ ನೋಡುತ್ತಿದ್ದರು. ಒಂಬತ್ತನೆಯ ದಿನ ಅದೂ ಹೋಯಿತು. ಅಂದು ಅವರು ಇನ್ನೊಂದು ಕೆಲಸ ಮಾಡಿದರು. ಹೊಸ ಖಾತೆ ತೆರೆಯುವ ಪುಟಕ್ಕೆ ಹೋಗಿ, ಕೊನೆಯ ಅಂಕಿ ಬಿಟ್ಟು, ‘ಮೂಗು ಮೊದಲು’ ಎಂದಷ್ಟೇ ಹೊಡೆದು ನೋಡಿದರು. ಈ ಹೆಸರು ಸಿಗುತ್ತದೆ ಎಂದು ಹಸಿರು ಅಕ್ಷರದಲ್ಲಿ ಬಂದಿತು. ಮೊದಲ ದಿನವೂ ಅದು ಸಿಗುತ್ತಿತ್ತು. ಯಾರೂ ತೆಗೆದುಕೊಂಡಿರಲಿಲ್ಲ. ಆ ಅಂಕಿಯ ಅಗತ್ಯವೇ ಇರಲಿಲ್ಲ.

ಗುರುವಾರ ಸಂಜೆಯೇ ಅಳಿಸಿದ್ದರೆ ಏನಾದರೂ ಆಗುತ್ತಿತ್ತೇ ಎಂಬ ಲೆಕ್ಕವನ್ನು ಅವರು ವರ್ಷಗಳ ಕಾಲ ಹಾಕಿದರು. ಅವನು ಆಗಲೇ ಹತ್ತು ದಿನದಿಂದ ಅಲೆಯುತ್ತಿದ್ದ. ಪುಟ ಅಳಿಸಿದ ಮಾತ್ರಕ್ಕೆ ಅಂಕಿ ಅವನ ತಲೆಯಿಂದ ಅಳಿಯುತ್ತಿರಲಿಲ್ಲ. ಆದರೆ ಆ ಸಂಜೆ ಒಂದೈದು ನಿಮಿಷ ಕುಳಿತಿದ್ದರೆ ಅವನು ಆಗಲೇ ಇದನ್ನು ನೋಡಿರಬಹುದೇ ಎಂದು ಅವಳು ಕೇಳುತ್ತಿದ್ದಳು, ತಾವು ಹೆದರುತ್ತಿದ್ದರು, ರಾಣಿಯನ್ನೂ ಅವಳನ್ನೂ ರಾತ್ರಿಗೇ ಮನೆಗೆ ಕರೆದುಕೊಂಡು ಬರುತ್ತಿದ್ದರೇನೋ. ಲೆಕ್ಕ ಅಲ್ಲಿಗೆ ಬಂದು ನಿಲ್ಲುತ್ತಿತ್ತು.

ರಿಜಿಸ್ಟರುಗಳನ್ನು ತೆಗೆದು, ತಾವು ಹೆಸರಿಟ್ಟವರಲ್ಲಿ ಸಿಕ್ಕವರನ್ನೆಲ್ಲ ಕರೆಸಿದರು. ಒಪ್ಪಿದವರಿಗೆ ಹೊಸ ಐಡಿ ಮಾಡಿಕೊಟ್ಟರು. ಹೆಚ್ಚಿನವರು ಒಪ್ಪಲಿಲ್ಲ. ಅರ್ಜಿ ಹಾಕಿಯಾಗಿದೆ, ಎಲ್ಲರಿಗೂ ಕೊಟ್ಟಾಗಿದೆ, ಬಿಡಿ ಮೇಡಂ, ಎಂದರು.

ಸೆಂಟರ್ ಮುಚ್ಚುವ ವರ್ಷ ಶಿವಾಜಿನಗರದ ಶೌಕತ್ ಸಾಹೇಬರು ಮಗಳ ಮನೆಗೆಂದು ಬಂದವರು ತಮ್ಮ ಪಾರಿವಾಳಕ್ಕೊಂದು ಖಾತೆ ಬೇಕೆಂದು ಮಹಡಿ ಹತ್ತಿದರು. ಹೆಸರಿನೊಂದಿಗೆ ತಮ್ಮ ಗಲ್ಲಿಯ ಹೆಸರೂ ಇರಲಿ, ಆ ಗಲ್ಲಿಯ ಹಕ್ಕಿಗಳೆಂದರೆ ಊರಿಗೇ ಗೊತ್ತು ಎಂದರು. ಲಕ್ಷ್ಮಿದೇವಿ ಕೀಲಿಮಣೆಯಿಂದ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

“ಗಲ್ಲಿ ಬೇಡ ಸಾಬ್ರೇ. ಅದರ ಗುಣ ಹೇಳಿ.”

ಎಲ್ಲ ಹಕ್ಕಿಗಳೂ ಇಳಿದ ಮೇಲೆ ಕಡೆಯಲ್ಲಿ ಇಳಿಯುತ್ತದೆ ಎಂದರು ಸಾಹೇಬರು. ‘ಕಡೆಗೆ ಬರುವವನು’ ಎಂದು ಹೊಡೆದು, ಬೆರಳನ್ನು ಅಲ್ಲಿಗೇ ನಿಲ್ಲಿಸಿದರು.

ಹತ್ತು ಹಲವು ತಾಣಗಳು ಬಂದವು, ಹೋದವು. ಲಕ್ಷ್ಮಿದೇವಿ ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಒಮ್ಮೆ ಕುಳಿತು ಹುಡುಕುತ್ತಾರೆ. ಮೂಗು ಮೊದಲು. ರಾಣಿ. ಹರಿದ ಕಿವಿ. ಜಯಮಾಲಾ. ಮಂಚದ ಕೆಳಗೆ. ಅವನು ಯಾವ ಯಾವ ಮಾತುಗಳನ್ನು ಹಾಕಿ ಹುಡುಕಬಹುದೋ ಅವನ್ನೆಲ್ಲ ಹಾಕುತ್ತಾರೆ. ಏನೂ ಸಿಗುವುದಿಲ್ಲ. ಸಿಗದಿದ್ದರೆ ಅವಳು ಎಲ್ಲೋ ಕ್ಷೇಮವಾಗಿ ಇದ್ದಾಳೆಂದು ಅರ್ಥವೇ, ಅಥವಾ ಬದುಕಿಯೇ ಇಲ್ಲವೆಂದು ಅರ್ಥವೇ, ತಿಳಿಯುವ ದಾರಿಯಿಲ್ಲ. ತಮಗೆ ಸಿಕ್ಕರೆ ಅವನಿಗೂ ಸಿಗುತ್ತದೆ ಎಂಬುದೊಂದೇ ಅವರಿಗೆ ಗೊತ್ತು. ಅದಕ್ಕೇ ಬರಿದಾದ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಸದ್ಯ ಎಂದುಕೊಂಡು, ಕಂಪ್ಯೂಟರ್ ಆರಿಸಿ ಏಳುತ್ತಾರೆ.